ಕಂಪನಿ ಮುಚ್ಚಿತು, ಫಾರಂ 16 ಬರಲಿಲ್ಲ, ಆದ್ರೂ ರಿಟರ್ನ್ ಹಾಕಿದೆ

ಭಾಗ 1/7

ಫೋಟೊದಲ್ಲಿ ಕಾಣ್ತಿರೋದು ನಮ್ಮನೆ ಅಟ್ಟ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ. ಕಾಯಿ ಸುಮಾರು ಒಂದು ವರ್ಷ ಹೀಗೇ ಮೇಲೆ ಬಿದ್ದಿರುತ್ತೆ, ಒಳಗೇ ಒಣಗಿ ಉಂಡೆ ಕೊಬ್ಬರಿ ಆಗುತ್ತೆ. ಅದರ ಕೆಳಗೆ ಕಾಣೋ ಲ್ಯಾಪ್‌ಟಾಪ್ ನಂದು. ಹೋದ ಆಗಸ್ಟ್‌ನಲ್ಲಿ ಅಲ್ಲೇ ಕೂತು ನಾನು ಮೊದಲ ಸಲ ನನ್ನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ನಾನೇ ಹಾಕಿದೆ.

ಕತೆ ಇಷ್ಟು. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ತಿಂಗಳಿಗೆ 80,000 ಸಂಬಳಕ್ಕೆ ಇದ್ದೆ. 2024ರ ನವೆಂಬರ್ ಕೊನೆಗೆ ಕಂಪನಿ ಬಾಗಿಲು ಹಾಕಿತು. ನವೆಂಬರ್ ಸಂಬಳ ಬಂತು, ಪುಣ್ಯ. ಆಮೇಲೆ ಎಚ್‌ಆರ್ ಫೋನ್ ಸ್ವಿಚ್ ಆಫ್, ಆಫೀಸ್ ಮೇಲ್ ಬಂದ್. ನಾನು ಊರಿಗೆ ಬಂದು ಮಾರ್ಚ್‌ವರೆಗೂ ಮನೇಲೇ ಇದ್ದೆ. ಹೊಸ ಕೆಲಸ ಸಿಕ್ಕಿದ್ದು 2025ರ ಏಪ್ರಿಲ್‌ನಲ್ಲಿ.

ಜೂನ್ ಬಂತು. ಎಲ್ಲರ ಕೈಗೂ ಫಾರಂ 16 ಬಂತು, ನನಗಿಲ್ಲ. ನಮ್ಮ ಕಡೆಯ ಒಬ್ಬ ಆಡಿಟರ್ ಹತ್ರ ಹೋದ್ರೆ, "ಫಾರಂ 16 ತಗೊಂಬನ್ನಿ, ಅದಿಲ್ದೆ ಏನೂ ಆಗಲ್ಲ" ಅಂದ್ರು. ನಾನೂ ನಂಬಿಕೊಂಡು ಎರಡು ತಿಂಗಳು ಸುಮ್ಮನಿದ್ದೆ.

ಆ ಮಾತು ತಪ್ಪು. ನನಗೆ ವಾಪಸ್ ಬರಬೇಕಿದ್ದ 22,100 ರೂಪಾಯಿ ಅಷ್ಟು ದಿನ ಅಲ್ಲೇ ಕೂತಿತ್ತು. ಅಪ್ಪನ ಬೋರ್‌ವೆಲ್ ಮೋಟರ್ ಸುಟ್ಟುಹೋಗಿದ್ದ ತಿಂಗಳು ಅದು. ನಮ್ಮ ಬ್ಯಾಚ್‌ನಲ್ಲೇ ಮೂರು ಜನ ಇದೇ ಕತೆ ಹೇಳಿದ್ರು, ಅದಕ್ಕೇ ಈ ಸರಣಿ.

ಭಾಗ 2/7: ಫಾರಂ 16 ಅಂದ್ರೆ ಏನು, ಯಾಕೆ ಬೇಕೇ ಬೇಕು ಅಂತಿಲ್ಲ

ಫಾರಂ 16 ಅನ್ನೋದು ಸಂಬಳ ಕೊಟ್ಟವರು ಬರೆದುಕೊಡೋ ಒಂದು ಪ್ರಮಾಣಪತ್ರ. "ಇವರಿಗೆ ಇಷ್ಟು ಸಂಬಳ ಕೊಟ್ಟೆವು, ಇಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಿದೆವು" ಅಂತ. ಕೊಡೋದು ಅವರ ಕರ್ತವ್ಯ. ವರ್ಷ ಮುಗಿದ ಮೇಲೆ ಜೂನ್ 15ರೊಳಗೆ ಕೊಡಬೇಕು. ಅವರು ಅದನ್ನ ಟ್ರೇಸಸ್ ಅನ್ನೋ ವೆಬ್‌ಸೈಟ್‌ನಿಂದ ತಮ್ಮ ಲಾಗಿನ್‌ನಲ್ಲಿ ಇಳಿಸಿಕೊಡ್ತಾರೆ. ಆ ಲಾಗಿನ್ ನಮಗಿಲ್ಲ, ಹಾಗಾಗಿ ನಾವೇ ಡೌನ್‌ಲೋಡ್ ಮಾಡಿಕೊಳ್ಳೋಕೆ ಆಗಲ್ಲ. ಯೂಟ್ಯೂಬ್ ನೋಡಿ ಅದನ್ನ ಹುಡುಕುತ್ತಾ ಒಂದು ರಾತ್ರಿ ಕಳೆದವಳು ನಾನು.

ಆದರೆ ರಿಟರ್ನ್ ಹಾಕುವಾಗ ಯಾವ ಕಾಗದವನ್ನೂ ಲಗತ್ತಿಸೋ ಜಾಗವೇ ಇಲ್ಲ. ಅಲ್ಲಿ ಕೇಳೋದು ಅಂಕಿ ಮಾತ್ರ. ಫಾರಂ 16 ಆ ಅಂಕಿಗಳನ್ನ ಒಂದೇ ಹಾಳೆಯಲ್ಲಿ ಜೋಡಿಸಿ ಕೊಡುತ್ತೆ, ಅಷ್ಟೆ. ಅವೇ ಅಂಕಿ ಬೇರೆ ಎರಡು ಕಡೆ ಸಿಗ್ತವೆ.

ನಿಮಗೆ ಎಷ್ಟು ಸಂಬಳ ಸಿಕ್ಕಿತು ಅನ್ನೋದು ಪೇ ಸ್ಲಿಪ್‌ನಲ್ಲಿರುತ್ತೆ. ನಿಮ್ಮ ಹೆಸರಿಗೆ ಎಷ್ಟು ತೆರಿಗೆ ಖಜಾನೆಗೆ ಸೇರಿತು ಅನ್ನೋದು ಪೋರ್ಟಲ್‌ನಲ್ಲಿರೋ 26ಎಎಸ್ ಅನ್ನೋ ಪಟ್ಟಿಯಲ್ಲಿರುತ್ತೆ. ಈ ಇಡೀ ಸರಣಿಯಿಂದ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ: ಆದಾಯಕ್ಕೆ ಪೇ ಸ್ಲಿಪ್, ತೆರಿಗೆಗೆ 26ಎಎಸ್. ಇವೆರಡನ್ನ ಅದಲು ಬದಲು ಮಾಡಿದ್ರೆ ಎಡವಟ್ಟಾಗೋದು ಗ್ಯಾರಂಟಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಅಪ್ಪನಿಗೆ ಇದನ್ನ ಹೇಳಿದಾಗ ಅವರಿಗೆ ತಕ್ಷಣ ಅರ್ಥ ಆಯ್ತು. "ಮಂಡೀಲಿ ತೂಕದ ಚೀಟಿ ಬೇರೆ, ದಲ್ಲಾಳಿ ಕೊಟ್ಟ ದುಡ್ಡು ಬೇರೆ. ಎರಡನ್ನೂ ನೋಡ್ದೆ ಲೆಕ್ಕ ಹೆಂಗ್ ಹಾಕ್ತೀಯ ಪುಟ್ಟಿ?" ಅಂದ್ರು.

ಭಾಗ 3/7: ಪೇ ಸ್ಲಿಪ್ ಹುಡುಕಾಟ

ನಾನು ಕೆಲಸ ಮಾಡಿದ್ದು ಏಪ್ರಿಲ್‌ನಿಂದ ನವೆಂಬರ್, ಎಂಟು ತಿಂಗಳು. ಕೈಲಿದ್ದ ಸ್ಲಿಪ್ ಏಳು. ಆಗಸ್ಟ್‌ದು ಇರಲಿಲ್ಲ. ಕಂಪನಿಯ ಪೇ ಸ್ಲಿಪ್ ಆ್ಯಪ್ ಮುಚ್ಚಿಹೋಗಿತ್ತು. ಉಳಿದ ಏಳು ಉಳಿದಿದ್ದೇ ಅದೃಷ್ಟ. ಬಾಡಿಗೆ ಮನೆಗೋ ಕ್ರೆಡಿಟ್ ಕಾರ್ಡ್‌ಗೋ ಯಾರಿಗೋ ಕಳಿಸಿದ್ದು ಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬಿದ್ದಿತ್ತು.

ಕಳೆದುಹೋದ ತಿಂಗಳನ್ನ ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ಹಿಡಿದೆ. ನನ್ನ ಸ್ಲಿಪ್‌ನಲ್ಲಿ ಪ್ರತಿ ತಿಂಗಳು ಮೂರು ಕಡಿತ: ಪಿಎಫ್ 1,800, ವೃತ್ತಿ ತೆರಿಗೆ 200, ಮತ್ತೆ ಟಿಡಿಎಸ್. ಏಪ್ರಿಲ್‌ನಿಂದ ಜುಲೈವರೆಗೆ ಟಿಡಿಎಸ್ 4,030, ಹಾಗಾಗಿ ಖಾತೆಗೆ ಬಂದದ್ದು 73,970. ಸೆಪ್ಟೆಂಬರ್‌ನಿಂದ ಟಿಡಿಎಸ್ 2,990, ಬಂದದ್ದು 75,010. ಕಡಿತ ಯಾಕೆ ಇಳಿಯಿತು ಅಂದ್ರೆ, 2024ರ ಜುಲೈ ಬಜೆಟ್‌ನಲ್ಲಿ ಹೊಸ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 50,000ದಿಂದ 75,000ಕ್ಕೆ ಏರಿತು, ಸ್ಲ್ಯಾಬ್‌ಗಳೂ ಬದಲಾದವು. ಕಂಪನಿ ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿತ್ತು.

ಈಗ ಆಗಸ್ಟ್ ಸಂಬಳ ಖಾತೆಗೆ ಎಷ್ಟು ಬಂದಿತ್ತು ನೋಡಿದೆ. 75,010. ಅಂದ್ರೆ ಆಗಸ್ಟ್ ಸ್ಲಿಪ್ ಸೆಪ್ಟೆಂಬರ್ ಸ್ಲಿಪ್‌ನ ಹಾಗೇ ಇತ್ತು: ಒಟ್ಟು 80,000, ಟಿಡಿಎಸ್ 2,990. ಊಹೆ ಅಲ್ಲ ಇದು, ಎರಡು ತಿಂಗಳ ಲೆಕ್ಕ ಪೈಸೆಗೆ ಪೈಸೆ ಕೂಡಿತು.

ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. ಖಾತೆಗೆ ಬಂದ ದುಡ್ಡನ್ನೇ ಕೂಡಿ ಅದೇ ಸಂಬಳ ಅಂತ ಬರೆದುಬಿಡ್ತಾರೆ. ಹಾಗೆ ಮಾಡಬೇಡಿ. ರಿಟರ್ನ್‌ಗೆ ಬೇಕಾಗಿರೋದು ಕಡಿತಕ್ಕೆ ಮುಂಚಿನ ಮೊತ್ತ. ನನ್ನದು 80,000 × 8, ಒಟ್ಟು 6,40,000. ಕೊನೆ ಲೆಕ್ಕದಲ್ಲಿ ರಜೆ ದುಡ್ಡು, ಬೋನಸ್ ಏನಾದ್ರೂ ಬಂದಿದ್ರೆ ಅದನ್ನೂ ಲೆಕ್ಕಕ್ಕೆ ತರಬೇಕು. ನನಗೆ ಏನೂ ಬಂದಿರಲಿಲ್ಲ.

ಭಾಗ 4/7: 26ಎಎಸ್ ತೆಗೆದು ನೋಡಿದಾಗ

ಫೋಟೊದಲ್ಲಿ ಪ್ಯಾನ್ ನಂಬರ್ ಮಸುಕು ಮಾಡಿದ್ದೀನಿ. ನೀವೂ ಯಾರಿಗಾದ್ರೂ ಕಳಿಸುವಾಗ ಮಾಡಿ.

incometax.gov.in ಗೆ ಲಾಗಿನ್ ಆಗಿ ಈ ದಾರಿಯಲ್ಲಿ ಹೋಗಿ:

```
e-File > Income Tax Returns > View Form 26AS
```

ಅದು ನಿಮ್ಮನ್ನ ಟ್ರೇಸಸ್‌ಗೆ ಕರ್ಕೊಂಡು ಹೋಗುತ್ತೆ. ಅಲ್ಲಿ ವರ್ಷ ಆರಿಸುವಾಗ ಹುಷಾರು. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ದುಡಿಮೆಗೆ ಆರಿಸಬೇಕಾದ ಅಸೆಸ್‌ಮೆಂಟ್ ವರ್ಷ 2025-26. ಒಂದು ವರ್ಷ ಹಿಂದಿನದ್ದು ಆರಿಸಿ "ಏನೂ ಇಲ್ವಲ್ಲಾ" ಅಂತ ನಾನು ಹತ್ತು ನಿಮಿಷ ಗಾಬರಿ ಬಿದ್ದಿದ್ದೆ.

ಪಟ್ಟಿಯಲ್ಲಿ ಕಂಪನಿ ಹೆಸರು, ಅದರ ಟ್ಯಾನ್ ನಂಬರ್ ಸಿಕ್ಕಿತು. ಅದನ್ನ ಬಿಚ್ಚಿದ್ರೆ ಒಂದೊಂದು ತಿಂಗಳಿಗೂ ಒಂದೊಂದು ಸಾಲು. ಸೆಕ್ಷನ್ 192 ಅಂತಿದ್ರೆ ಅದು ಸಂಬಳದ ತೆರಿಗೆ. ಪಕ್ಕದಲ್ಲಿ F ಅಂತ ಅಕ್ಷರ ಇದ್ರೆ ಹಣ ಸೇರಿ ತಾಳೆಯಾಗಿದೆ ಅಂತ. U ಇದ್ರೆ ತಾಳೆಯಾಗಿಲ್ಲ ಅಂತ.

ನನ್ನದರಲ್ಲಿ ಆರೇ ಸಾಲು. ಏಪ್ರಿಲ್‌ನಿಂದ ಸೆಪ್ಟೆಂಬರ್. ಸಂಬಳ 4,80,000, ತೆರಿಗೆ 22,100, ಎಲ್ಲಕ್ಕೂ F. ಅಕ್ಟೋಬರ್ ಮತ್ತು ನವೆಂಬರ್ ಇಲ್ಲವೇ ಇಲ್ಲ.

ಕಾರಣ ಆಮೇಲೆ ತಿಳೀತು. ಸಂಬಳ ಕೊಟ್ಟವರು ಮೂರು ಮೂರು ತಿಂಗಳಿಗೆ 24ಕ್ಯೂ ಅನ್ನೋ ಲೆಕ್ಕಪಟ್ಟಿ ಸಲ್ಲಿಸಬೇಕು. ಆ ಪಟ್ಟಿಯಿಂದಲೇ ನಮ್ಮ 26ಎಎಸ್ ತುಂಬೋದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಪಟ್ಟಿಗೆ ಗಡುವು ಜನವರಿ 31. ಅಷ್ಟೊತ್ತಿಗೆ ನಮ್ಮ ಆಫೀಸ್‌ನಲ್ಲಿ ಕುರ್ಚಿ ಕೂಡ ಉಳಿದಿರಲಿಲ್ಲ. ನನ್ನ ಸಂಬಳದಿಂದ ಆ ಎರಡು ತಿಂಗಳು ಹಿಡಿದ 5,980 ಲೆಕ್ಕಕ್ಕೇ ಬಂದಿಲ್ಲ.

ಜೊತೆಗೆ ಎಐಎಸ್ ಅನ್ನೋ ಪಟ್ಟಿಯನ್ನೂ ತೆಗೆದೆ. ಅದರಲ್ಲಿ ಬ್ಯಾಂಕ್ ಬಡ್ಡಿ 1,140 ಕಾಣಿಸಿತು. ಅದೂ ಆದಾಯವೇ.

ಭಾಗ 5/7: ತುಂಬಿದ್ದು ಹೀಗೆ

ದೊಡ್ಡಪ್ಪನ ಮಗ ಪಕ್ಕದಲ್ಲಿ ಕೂತಿದ್ದ. "ಪೋರ್ಟಲ್‌ನಲ್ಲಿ 4,80,000 ಅಂತ ತಾನೇ ತುಂಬ್ಕೊಂಡಿದೆ, ಹಂಗೇ ಬಿಡು. ಸರ್ಕಾರಕ್ಕೇ ಗೊತ್ತಿಲ್ಲ ಅಂದ್ಮೇಲೆ ನಿಂಗ್ಯಾಕೆ?" ಅಂದ. ಬಹಳ ಸುಲಭದ ದಾರಿ ಅದು. ಆದರೆ ಅಕ್ಟೋಬರ್, ನವೆಂಬರ್ ಸಂಬಳ ನನ್ನ ಖಾತೆಗೆ ಬಂದಿದೆ. ಕಂಪನಿಯವರು ನಾಳೆ ತಡವಾಗಿ ಲೆಕ್ಕಪಟ್ಟಿ ಹಾಕಿದ್ರೆ ಅದು ನನ್ನ ಹೆಸರಲ್ಲಿ ಎದ್ದು ಕೂರುತ್ತೆ, ಆಗ "ಆದಾಯ ಮುಚ್ಚಿಟ್ಟಿದ್ದೀರಾ" ಅಂತ ನನ್ನನ್ನೇ ಕೇಳ್ತಾರೆ. ಇನ್ನೊಂದು, ಆ ಎರಡು ತಿಂಗಳ ಸಂಬಳವನ್ನೇ ತೋರಿಸದಿದ್ರೆ ಅದರಿಂದ ಹಿಡಿದ ತೆರಿಗೆ ನಂದು ಅಂತ ಯಾವ ಬಾಯಲ್ಲಿ ಕೇಳಲಿ? ಪಟ್ಟಿಗಿಂತ ಹೆಚ್ಚು ಆದಾಯ ತೋರಿಸಿದ್ರೆ ಯಾರೂ ತಕರಾರು ಮಾಡಲ್ಲ. ಕಮ್ಮಿ ತೋರಿಸಿದ್ರೆ ಮಾಡ್ತಾರೆ.

ಹಾಗಾಗಿ 4,80,000 ಅಳಿಸಿ 6,40,000 ಬರೆದೆ. ಫಾರಂ ಐಟಿಆರ್-1, ಹೊಸ ಪದ್ಧತಿ. ಲೆಕ್ಕ ಹೀಗಾಯ್ತು:

```
6,40,000 - 75,000 = 5,65,000
5,65,000 + 1,140  = 5,66,140
```

ಪಿಎಫ್, ವೃತ್ತಿ ತೆರಿಗೆ ಎರಡಕ್ಕೂ ಹೊಸ ಪದ್ಧತಿಯಲ್ಲಿ ವಿನಾಯಿತಿ ಇಲ್ಲ. ಹಾಗಾಗಿ ಅವನ್ನ ಕಳೆಯಲಿಲ್ಲ. ಆ ವರ್ಷ ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 7 ಲಕ್ಷದೊಳಗಿದ್ರೆ 87ಎ ರಿಯಾಯಿತಿ ಬಂದು ತೆರಿಗೆ ಸೊನ್ನೆ. ನನಗೂ ಸೊನ್ನೆ.

ಹಾಗಾದ್ರೆ ಕಂಪನಿ ಟಿಡಿಎಸ್ ಹಿಡಿದದ್ದು ಯಾಕೆ? ನಾನು ಹನ್ನೆರಡು ತಿಂಗಳೂ ಇರ್ತೀನಿ, 9,60,000 ಬರುತ್ತೆ ಅಂತ ಲೆಕ್ಕ ಹಾಕಿ ಹಿಡಿದರು. ಎಂಟೇ ತಿಂಗಳಿಗೆ ಕಂಪನಿ ಮುಚ್ಚಿತು. ವರ್ಷದ ಮಧ್ಯೆ ಕೆಲಸ ಹೋಗಿ ಮನೇಲಿ ಕೂತವರು ಇದನ್ನ ಎರಡು ಸಲ ಓದಿ. ನಿಮ್ಮ ದುಡ್ಡೂ ಹೀಗೇ ಬಿದ್ದಿರಬಹುದು.

ನಮ್ಮ ಕಡೆಯವರಿಗೆ ಒಂದು ಸಾಲು. ತೋಟ, ಕೊಬ್ಬರಿ ಮಾರಾಟ ಅಪ್ಪನ ಹೆಸರಲ್ಲಿದ್ರೆ ಆ ಆದಾಯ ಅಪ್ಪನದು, ನಿಮ್ಮ ರಿಟರ್ನ್‌ಗೆ ಬರಲ್ಲ. ನಿಮ್ಮ ಹೆಸರಲ್ಲೇ ತೋಟ ಇದ್ದು ವರ್ಷಕ್ಕೆ 5,000ಕ್ಕಿಂತ ಹೆಚ್ಚು ಕೃಷಿ ಆದಾಯ ಇದ್ರೆ ಐಟಿಆರ್-1 ನಡೆಯಲ್ಲ, ಐಟಿಆರ್-2 ಹಾಕಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂದ ಮಾತ್ರಕ್ಕೆ ತೋರಿಸೋದೇ ಬೇಡ ಅಂತಲ್ಲ.

ಭಾಗ 6/7: ಕಾಣೆಯಾದ 5,980

ತೆರಿಗೆಯ ಕಾಲಂನಲ್ಲಿ ಏನು ಬರೀಬೇಕು? ಸ್ಲಿಪ್‌ಗಳ ಪ್ರಕಾರ ಹಿಡಿದದ್ದು 28,080. 26ಎಎಸ್‌ನಲ್ಲಿರೋದು 22,100. ನಾನು ತುಂಬಾ ಹೊತ್ತು ತಲೆ ಕೆಡಿಸಿಕೊಂಡದ್ದು ಇಲ್ಲೇ.

ಕಾನೂನು ನಮ್ಮ ಕಡೆ ಇದೆ, ಆದರೆ ಅರ್ಧ ದಾರಿವರೆಗೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 205 ಹೇಳೋದು ಇದು: ಸಂಬಳದಿಂದ ತೆರಿಗೆ ಹಿಡಿದಾಗಿದೆ ಅಂದ್ರೆ ಅಷ್ಟು ಮಟ್ಟಿಗೆ ಅದೇ ತೆರಿಗೆಯನ್ನ ಮತ್ತೆ ನಿಮ್ಮಿಂದ ವಸೂಲಿ ಮಾಡೋ ಹಾಗಿಲ್ಲ, ಹಿಡಿದವರು ಕಟ್ಟಿರಲಿ, ಬಿಡಲಿ. ಇದಕ್ಕೆ ದೊಡ್ಡ ಉದಾಹರಣೆ ಬೆಂಗಳೂರಿನ ಯುಬಿ ಗುಂಪಿನ ಕಿಂಗ್‌ಫಿಷರ್ ಏರ್‌ಲೈನ್ಸ್. 2012ರ ಅಕ್ಟೋಬರ್‌ನಲ್ಲಿ ಅದರ ವಿಮಾನಗಳು ನಿಂತವು. ನೌಕರರ ಸಂಬಳದಿಂದ ಹಿಡಿದ ತೆರಿಗೆಯನ್ನ ಖಜಾನೆಗೆ ಕಟ್ಟಿರಲಿಲ್ಲ. ಇಲಾಖೆ ಆ ತೆರಿಗೆಯನ್ನ ನೌಕರರ ಹತ್ರಾನೇ ಕೇಳಿತು. ಅಲ್ಲಿ ಪೈಲಟ್ ಆಗಿದ್ದ ಒಬ್ಬರು ಕೋರ್ಟಿಗೆ ಹೋದ್ರು. 2018ರಲ್ಲಿ ಗುಜರಾತ್ ಹೈಕೋರ್ಟ್ ಸೆಕ್ಷನ್ 205 ಹಿಡಿದು, ಅವರಿಂದ ವಸೂಲಿ ಮಾಡೋ ಹಾಗಿಲ್ಲ ಅಂತ ಹೇಳಿತು. ಅದಕ್ಕೂ ಮುಂಚೆ 2015ರ ಜೂನ್ 1ರಂದೇ ಕೇಂದ್ರ ನೇರ ತೆರಿಗೆ ಮಂಡಳಿ ತನ್ನ ಅಧಿಕಾರಿಗಳಿಗೆ ಇದೇ ಸೂಚನೆ ಕೊಟ್ಟಿತ್ತು.

ಆದರೆ ನನ್ನ ಸ್ಥಿತಿ ಬೇರೆ. ನಾನು ಕಟ್ಟಬೇಕಾದ ತೆರಿಗೆ ಸೊನ್ನೆ, ನನ್ನಿಂದ ಯಾರೂ ಏನೂ ಕೇಳ್ತಿಲ್ಲ. ನಾನೇ ವಾಪಸ್ ಕೇಳ್ತಿರೋದು. 205 ವಸೂಲಿಯನ್ನ ತಡೆಯುತ್ತೆ. ಲೆಕ್ಕಕ್ಕೇ ಬಾರದ ಹಣವನ್ನ ಪೋರ್ಟಲ್ ತಾನಾಗಿ ವಾಪಸ್ ಕೊಡಲ್ಲ, ಅದು 26ಎಎಸ್ ಜೊತೆ ತಾಳೆ ನೋಡಿ ಅಷ್ಟನ್ನೇ ಒಪ್ಪುತ್ತೆ. ಹಾಗಾಗಿ ನಾನು 22,100 ಮಾತ್ರ ಕೇಳಿದೆ. 5,980ಕ್ಕೆ ಕಂಪನಿಯ ಡೈರೆಕ್ಟರ್‌ಗಳ ಮೇಲ್‌ಗೆ ಬರೆದೆ: ಅಕ್ಟೋಬರ್, ನವೆಂಬರ್ ಸ್ಲಿಪ್ ಲಗತ್ತಿಸಿ, ಖಾತೆಗೆ ಬಂದ ಮೊತ್ತ ಬರೆದು, ಟ್ಯಾನ್ ನಂಬರ್ ಹಾಕಿ, "ತೆರಿಗೆ ಕಟ್ಟಿ 24ಕ್ಯೂ ಸಲ್ಲಿಸಿ" ಅಂತ. ಉತ್ತರ ಬರಲಿಲ್ಲ. 2025ರ ಡಿಸೆಂಬರ್ 31ರೊಳಗೆ ಅದು 26ಎಎಸ್‌ಗೆ ಬಂದಿದ್ರೆ ರಿಟರ್ನ್ ತಿದ್ದಿ ಕೇಳಬಹುದಿತ್ತು. ತಿಂಗಳಿಗೊಮ್ಮೆ ತೆಗೆದು ನೋಡ್ತಿದ್ದೆ. ಬರಲಿಲ್ಲ.

ನಿಮಗೆ ತೆರಿಗೆ ಬಾಕಿ ಬರೋ ಹಾಗಿದ್ರೆ ಲೆಕ್ಕ ಬೇರೆ. ಆಗ ಹಿಡಿದಷ್ಟನ್ನೂ ಪೂರ್ತಿ ತೋರಿಸಿ. ಪೋರ್ಟಲ್ ಬಾಕಿ ಕಟ್ಟಿ ಅಂತ ಹೇಳಿದ್ರೆ Pending Actions ಒಳಗೆ Response to Outstanding Demand ತೆಗೆದು, ಒಪ್ಪಲ್ಲ ಅಂತ ಆರಿಸಿ, ಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಆಧಾರವಾಗಿ ಕೊಡಿ. ಸ್ಲಿಪ್‌ನಲ್ಲಿ ಕಡಿತ ಇರಬೇಕು, ಕಡಿತ ಆದ ಮೇಲಿನ ಮೊತ್ತವೇ ಖಾತೆಗೆ ಬಂದಿರಬೇಕು. ಹಿಡಿದಿದ್ದಾರೆ ಅನ್ನೋದಕ್ಕೆ ಆ ಜೋಡಿಯೇ ಸಾಕ್ಷಿ. ಸಂಬಳವೇ ಬರದ ತಿಂಗಳ ಸ್ಲಿಪ್‌ಗೆ ಆ ಬಲ ಇಲ್ಲ.

ಭಾಗ 7/7: ದುಡ್ಡು ಬಂತು

ಆಗಸ್ಟ್ 22ಕ್ಕೆ ರಿಟರ್ನ್ ಹಾಕಿದೆ. ಆಧಾರ್ ಒಟಿಪಿಯಿಂದ ಅವತ್ತೇ ವೆರಿಫೈ ಮಾಡಿದೆ. ಮೂವತ್ತು ದಿನದೊಳಗೆ ಮಾಡದಿದ್ರೆ ಹಾಕಿದ ರಿಟರ್ನ್ ಆ ತಾರೀಖಿನದು ಅಂತ ಲೆಕ್ಕಕ್ಕೆ ಬರಲ್ಲ. ಹಳೇ ಸಂಬಳದ ಖಾತೆ ನಿಂತುಹೋಗಿತ್ತು, ಅದಕ್ಕೇ ಮೊದಲೇ ಪ್ರೊಫೈಲ್‌ನಲ್ಲಿ ಈಗಿನ ಖಾತೆ ಸೇರಿಸಿ ವ್ಯಾಲಿಡೇಟ್ ಮಾಡಿಕೊಂಡಿದ್ದೆ. ಕಂಪನಿ ಮುಚ್ಚಿದವರೆಲ್ಲ ಇದನ್ನ ನೋಡಿಕೊಳ್ಳಿ, ರೀಫಂಡ್ ಬಂದು ಬಾಗಿಲಿಂದ ವಾಪಸ್ ಹೋಗೋದು ಇಲ್ಲೇ.

ಸೆಪ್ಟೆಂಬರ್ 10ಕ್ಕೆ ಮೆಸೇಜ್ ಬಂತು. 22,763. ಏಪ್ರಿಲ್‌ನಿಂದ ತಿಂಗಳಿಗೆ ಅರ್ಧ ಪರ್ಸೆಂಟ್‌ನಂತೆ ಆರು ತಿಂಗಳ ಬಡ್ಡಿ 663 ಸೇರಿಸಿ ಕೊಟ್ಟಿದ್ರು. ಆ 663 ಈ ವರ್ಷದ ಆದಾಯಕ್ಕೆ ಸೇರುತ್ತೆ, ಬರೆದಿಟ್ಟುಕೊಂಡಿದ್ದೀನಿ. ಆ ವರ್ಷದ ಗಡುವು ಜುಲೈ 31ರಿಂದ ಮುಂದಕ್ಕೆ ಹೋಗಿ ಕೊನೆಗೆ ಸೆಪ್ಟೆಂಬರ್ 16ಕ್ಕೆ ನಿಂತಿತ್ತು. ಫಾರಂ 16 ಬರಲಿ ಅಂತ ಇನ್ನೂ ಕಾದಿದ್ರೆ 5,000 ದಂಡ ಬೇರೆ ಬೀಳ್ತಿತ್ತು.

ಇನ್‌ಬಾಕ್ಸ್‌ನಲ್ಲಿ ಹೆಚ್ಚು ಬಂದ ಪ್ರಶ್ನೆ: "ಅಕ್ಕಾ, ಅದೇ ವರ್ಷ ಎರಡನೇ ಕಂಪನಿಗೆ ಸೇರಿದ್ರೆ?" ಎರಡೂ ಕಡೆ ಸಂಬಳ ಕೂಡಿ. 75,000 ಡಿಡಕ್ಷನ್ ಒಂದೇ ಸಲ ಸಿಗೋದು. ಹಳೇ ಸಂಬಳದ ವಿಷಯ ಹೊಸ ಕಂಪನಿಗೆ ಹೇಳದೇ ಇದ್ರೆ ಅವರು ತಮ್ಮ ಸಂಬಳಕ್ಕೆ ಮತ್ತೆ ಮೊದಲಿಂದ ಡಿಡಕ್ಷನ್, ಸ್ಲ್ಯಾಬ್ ಕೊಟ್ಟಿರ್ತಾರೆ. ಕೂಡಿದಾಗ ರೀಫಂಡ್ ಬದಲು ಬಾಕಿ ಬರಬಹುದು. ಹೊಸ ಕಂಪನಿಯ ಫಾರಂ 16 ಒಂದನ್ನೇ ನೋಡಿ ರಿಟರ್ನ್ ಹಾಕಬೇಡಿ.

ಏಳು ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, 26ಎಎಸ್, ಡೈರೆಕ್ಟರ್‌ಗಳಿಗೆ ಬರೆದ ಮೇಲ್, ಎಲ್ಲ ಪ್ರಿಂಟ್ ತೆಗೆದು ಅಪ್ಪ ಮಂಡಿ ಚೀಟಿ ಇಡೋ ತಗಡಿನ ಡಬ್ಬದಲ್ಲೇ ಇಟ್ಟಿದ್ದೀನಿ. ಇಲಾಖೆ ಮುಂದೆಂದಾದ್ರೂ ಕೇಳಿದ್ರೆ ತೋರಿಸೋಕೆ ಇರೋದು ಅವೇ. ಮೋಟರ್ ರಿಪೇರಿ ಆಯ್ತು. 5,980 ಇನ್ನೂ ಬಂದಿಲ್ಲ.

ಈಗ ಕೆಲಸದಲ್ಲಿರೋರು ಇವತ್ತು ರಾತ್ರಿ ಎರಡು ಕೆಲಸ ಮಾಡಿ. ಈ ವರ್ಷದ ಪೇ ಸ್ಲಿಪ್‌ಗಳನ್ನೆಲ್ಲ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಆಮೇಲೆ 26ಎಎಸ್ ತೆಗೆದು, ಮುಗಿದ ಮೂರು ತಿಂಗಳ ಸಾಲುಗಳು ಬಂದಿವೆಯಾ ನೋಡಿ. ಬಂದಿಲ್ಲ ಅಂದ್ರೆ ಎಚ್‌ಆರ್ ಫೋನ್ ಎತ್ತುತ್ತಿರುವಾಗಲೇ ಕೇಳಿ.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಸಂಬಳದಲೆಕ್ಕ